ಹೆಸರು ಹೇಳದೆ ಹೋಲಿಸುವುದು: ಕಾಫಿಪುಡಿಯ ಒಂದು ಕ್ಯಾಪ್ಷನ್ ತಿದ್ದುವ ಬಗೆ

ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಸ್ವಂತ ತೋಟದ ಕಾಫಿಯನ್ನು ತಾವೇ ಹುರಿದು, ಪುಡಿ ಮಾಡಿ, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್ಆ್ಯಪ್‌ನಲ್ಲಿ ಮಾರುವ ಸಣ್ಣ ವ್ಯಾಪಾರಿಗಳಿದ್ದಾರೆ. ಅಂಥವರಲ್ಲಿ ಒಬ್ಬರು ತಮ್ಮ ಹೊಸ ಪ್ಯಾಕೆಟ್ಟಿನ ಫೋಟೊ ಕೆಳಗೆ ಹೀಗೆ ಬರೆದರು ಎಂದಿಟ್ಟುಕೊಳ್ಳೋಣ:

"ಆ ಬಣ್ಣದ ಪ್ಯಾಕೆಟ್ ಕುಡಿದು ಸಾಕಾಯ್ತಾ? ಬೇರೆಯವರು ಕೊಡೋದು ಚಿಕೋರಿ ತುಂಬಿದ ನಕಲಿ ಕಾಫಿ. ನಮ್ಮದು ನೂರಕ್ಕೆ ನೂರು ಶುದ್ಧ, ಫ್ರೆಶ್ ಕಾಫಿ. ಕರ್ನಾಟಕದ ನಂಬರ್ ಒನ್ ಪರಿಮಳ. ಎರಡು ಪಟ್ಟು ಸ್ಟ್ರಾಂಗ್. ಬೆಲೆಯೂ ಕಡಿಮೆ!"

ಯಾವ ಕಂಪನಿಯ ಹೆಸರೂ ಇದರಲ್ಲಿಲ್ಲ. ಹೆಸರು ಎತ್ತದಿದ್ದರೆ ಯಾರೂ ಏನೂ ಮಾಡುವಂತಿಲ್ಲ ಎಂಬ ಧೈರ್ಯದಲ್ಲೇ ಇಂಥ ಸಾಲುಗಳು ಹುಟ್ಟುತ್ತವೆ. ಆ ಧೈರ್ಯಕ್ಕೆ ಆಧಾರವಿಲ್ಲ. ನಮ್ಮ ದೇಶದಲ್ಲಿ ಬೇರೆಯವರ ಸರಕಿನ ಜೊತೆ ನಮ್ಮ ಸರಕನ್ನು ಹೋಲಿಸಿ ಜಾಹೀರಾತು ಕೊಡುವುದು ತಪ್ಪಲ್ಲ. ನಿಯಮಗಳನ್ನು ಪಾಲಿಸಿದರೆ ಹೆಸರು ಹೇಳಿಯೂ ಹೋಲಿಸಬಹುದು. ತಪ್ಪಾಗುವುದು ಎರಡು ಕಡೆ: ಎದುರಾಳಿಯ ಸರಕನ್ನು ಹೀಗಳೆದಾಗ, ಮತ್ತು ತೋರಿಸಲಾಗದ್ದನ್ನು ನಿಜವೆಂದು ಹೇಳಿದಾಗ. ಮೇಲಿನ ಆರು ವಾಕ್ಯಗಳ ಪುಟ್ಟ ಕ್ಯಾಪ್ಷನ್ನಿನಲ್ಲಿ ಎರಡೂ ಆಗಿವೆ. ಒಂದೊಂದೇ ವಾಕ್ಯ ಹಿಡಿದು ನೋಡೋಣ. ಕಾಫಿಪುಡಿಯನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಇದರಲ್ಲಿ ಹೋಲಿಕೆಗೆ ಬೇಕಾದ ಮುಖ್ಯ ಮಾಹಿತಿಯನ್ನು ಕಾನೂನೇ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿದೆ, ಅಷ್ಟು ಅನುಕೂಲ ಎಲ್ಲ ಸರಕಿಗೂ ಇರುವುದಿಲ್ಲ.

ಯಾರನ್ನು ಹೇಳಿದ್ದು ಅಂತ ಗೊತ್ತಾದರೆ ಸಾಕು

ಮೊದಲ ವಾಕ್ಯದ "ಆ ಬಣ್ಣದ ಪ್ಯಾಕೆಟ್" ನೋಡಿ. ಕಾಫಿಪುಡಿಯಲ್ಲಿ ದೊಡ್ಡ ಬ್ರ್ಯಾಂಡುಗಳು ಬೆರಳೆಣಿಕೆಯಷ್ಟು. ಪ್ರತಿಯೊಂದಕ್ಕೂ ಒಂದು ಬಣ್ಣವಿದೆ, ಮನೆಮನೆಗೂ ಗೊತ್ತು. ಬಣ್ಣ ಹೇಳಿದರೆ ಹೆಸರು ಹೇಳಿದಂತೆಯೇ.

ಇದಕ್ಕೆ ಒಂದು ಹಳೆಯ ಪ್ರಕರಣವಿದೆ. ಬಟ್ಟೆಗೆ ಹಾಕುವ ನೀಲಿಯಲ್ಲಿ ಉಜಾಲಾ ಹೊಸದಾಗಿ ಬೆಳೆಯುತ್ತಿದ್ದ ಕಾಲ. ಅದರ ಜಾಹೀರಾತಿನಲ್ಲಿ ಹೆಸರಿಲ್ಲದ ಒಂದು ಬಾಟಲಿ ತೋರಿಸಿ, ಅದರ ಬೆಲೆ 10 ರೂಪಾಯಿ ಎಂದು ಹೇಳಿ, ಆ ನೀಲಿ ದುಬಾರಿ, ಅದರಿಂದ ಸರಿಯಾಗಿ ಕೆಲಸವೂ ಆಗುವುದಿಲ್ಲ ಎಂಬ ಅರ್ಥ ಬರಿಸಿದ್ದರು. ರಾಬಿನ್ ಬ್ಲೂ ಎಂಬ ಹೆಸರು ಎಲ್ಲೂ ಇರಲಿಲ್ಲ. ಆದರೆ ಬಾಟಲಿಯ ಆಕಾರ ರಾಬಿನ್ ಬ್ಲೂನದೇ, ಬೆಲೆಯೂ ಅದರದೇ. ರಾಬಿನ್ ಬ್ಲೂ ತಯಾರಿಸುತ್ತಿದ್ದ ಕಂಪನಿ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು, 1999ರಲ್ಲಿ ಆ ಜಾಹೀರಾತಿಗೆ ತಡೆ ಬಿತ್ತು. ಆ ತೀರ್ಪು ಹಾಕಿಕೊಟ್ಟ ಗೆರೆಯನ್ನು ಇವತ್ತಿಗೂ ನ್ಯಾಯಾಲಯಗಳು ಎತ್ತಿ ಹೇಳುತ್ತವೆ. ವ್ಯಾಪಾರಿ ತನ್ನ ಸರಕು ಪ್ರಪಂಚದಲ್ಲೇ ಶ್ರೇಷ್ಠ ಎಂದು ಹೊಗಳಿಕೊಳ್ಳಬಹುದು. ಬೇರೆಯವರದಕ್ಕಿಂತ ತನ್ನದು ಮೇಲು ಎನ್ನಬಹುದು, ಅದಕ್ಕಾಗಿ ಎರಡನ್ನೂ ಹೋಲಿಸಿ ತೋರಿಸಬಹುದು. ಆದರೆ ಬೇರೆಯವರ ಸರಕು ಕೆಟ್ಟದ್ದು ಎನ್ನುವಂತಿಲ್ಲ.

ಹೆಸರಿಲ್ಲದ ಬಾಟಲಿಯಂತೆಯೇ ಹೆಸರಿಲ್ಲದ ಅಂಕಿಯೂ ಗುರುತು ಹೇಳಬಲ್ಲದು. 2025ರಲ್ಲಿ ದೆಹಲಿ ಹೈಕೋರ್ಟಿನ ಮುಂದಿದ್ದ ಚ್ಯವನಪ್ರಾಶದ ಜಗಳ ಇದಕ್ಕೆ ಒಳ್ಳೆಯ ಉದಾಹರಣೆ. 40 ಗಿಡಮೂಲಿಕೆ ಹಾಕಿದ ಸಾಧಾರಣ ಚ್ಯವನಪ್ರಾಶಕ್ಕೆ ಯಾಕೆ ತೃಪ್ತಿಪಡುತ್ತೀರಿ ಎಂಬ ಅರ್ಥದ ಸಾಲು ಪತಂಜಲಿಯ ಜಾಹೀರಾತಿನಲ್ಲಿತ್ತು. ಡಾಬರ್ ಹೆಸರಿರಲಿಲ್ಲ. ಆದರೆ ನಲವತ್ತಕ್ಕೂ ಹೆಚ್ಚು ಮೂಲಿಕೆ ಎಂದು ಹೇಳಿಕೊಂಡು ಮಾರುತ್ತಿದ್ದುದು ಡಾಬರ್. ಏಕಸದಸ್ಯ ಪೀಠ ತಡೆ ಕೊಟ್ಟಿತು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ "ಸಾಧಾರಣ ಚ್ಯವನಪ್ರಾಶ" ಎಂಬುದನ್ನು ಉಳಿಸಿಕೊಳ್ಳಲು ಬಿಟ್ಟಿತು, "40 ಮೂಲಿಕೆ" ಎಂಬ ಮಾತನ್ನು ಮಾತ್ರ ತೆಗೆಸಿತು. ಉಳಿದವೆಲ್ಲ ಸಾಧಾರಣ, ನನ್ನದು ವಿಶೇಷ ಎನ್ನುವುದು ಮಾರುಕಟ್ಟೆಯ ಮಾಮೂಲಿ ಜಂಬ. ನಲವತ್ತು ಎಂದ ಕೂಡಲೇ ಅದು ಒಬ್ಬರ ಕಡೆಗೇ ತೋರಿದ ಬೆರಳಾಗುತ್ತದೆ.

ಹಾಗಾಗಿ ಕ್ಯಾಪ್ಷನ್ ಬರೆದ ಮೇಲೆ ಮಾಡಬೇಕಾದ ಮೊದಲ ಪರೀಕ್ಷೆ ತುಂಬಾ ಸುಲಭ. ವ್ಯಾಪಾರಕ್ಕೆ ಸಂಬಂಧವಿಲ್ಲದ ಇಬ್ಬರು ಮೂವರಿಗೆ ಅದನ್ನು ತೋರಿಸಿ, "ಇದು ಯಾರ ಬಗ್ಗೆ ಇರಬಹುದು?" ಎಂದು ಕೇಳಬೇಕು. ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂದರೆ, ಹೆಸರು ಬರೆಯದಿದ್ದರೂ ಬರೆದ ಹಾಗೆ. ಬಣ್ಣ, ಬಾಟಲಿಯ ಆಕಾರ, ಬೆಲೆ, ಘೋಷವಾಕ್ಯದ ತುಣುಕು, ಎದುರಾಳಿಯ ಜಾಹೀರಾತಿನಲ್ಲಿ ಬರುವ ನಟ, ಒಂದು ಊರಿನ ಹೆಸರು, ಯಾವುದು ಬೇಕಾದರೂ ಗುರುತು ಬಿಟ್ಟುಕೊಡಬಹುದು. ಮಾರುಕಟ್ಟೆ ಚಿಕ್ಕದಾದಷ್ಟೂ ಈ ಅಪಾಯ ದೊಡ್ಡದು. ಒಂದು ಪೇಟೆಯಲ್ಲಿ ಕಾಫಿಪುಡಿ ಅರೆದು ಕೊಡುವ ಅಂಗಡಿ ಎರಡೇ ಇದ್ದರೆ "ನಮ್ಮೂರಿನ ಬೇರೆ ಅಂಗಡಿಯಂತಲ್ಲ" ಎನ್ನುವುದಕ್ಕೆ ಇನ್ನೇನು ಅರ್ಥ?

ಒಬ್ಬರನ್ನಲ್ಲ, ಒಂದು ಜಾತಿಯ ಸರಕನ್ನೇ ಬೈದರೆ

ಹಾಗಾದರೆ ಬಣ್ಣ ತೆಗೆದುಬಿಡೋಣ, ಯಾರೊಬ್ಬರಿಗೂ ತಾಗದಂತೆ "ಚಿಕೋರಿ ತುಂಬಿದ ನಕಲಿ ಕಾಫಿ" ಎಂದು ಸಾರಾಸಗಟಾಗಿ ಹೇಳಿದರೆ? ಅದು ಇನ್ನೂ ಕೆಟ್ಟದ್ದು.

ಚಿಕೋರಿ ಎಂಬುದು ಒಂದು ಗಿಡದ ಬೇರು. ಒಣಗಿಸಿ, ಹುರಿದು, ಪುಡಿ ಮಾಡಿ ಕಾಫಿಗೆ ಬೆರೆಸುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ಗಾಢ ಬಣ್ಣ, ದಪ್ಪ, ಒಂದು ಬಗೆಯ ಸಿಹಿಗಹಿ ಕೊಡುತ್ತದೆ. ಹಾಲು ಹಾಕಿದರೂ ಕಾಫಿ ತೆಳುವಾಗುವುದಿಲ್ಲ ಎಂಬ ಕಾರಣಕ್ಕೆ ಫಿಲ್ಟರ್ ಕಾಫಿ ಮನೆಗಳಲ್ಲಿ ಎಷ್ಟೋ ಜನ ಬೇಕೆಂದೇ ಬೆರಕೆ ಪುಡಿ ತರಿಸುತ್ತಾರೆ. ಕಾನೂನಿನಲ್ಲೂ ಇದಕ್ಕೆ ಜಾಗವಿದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಯಾವುದು ಎಷ್ಟು ಶೇಕಡಾ ಎಂಬುದನ್ನು ಪ್ಯಾಕೆಟ್ಟಿನ ಮೇಲೆ ಹಾಕಬೇಕು. ಇಷ್ಟು ಪಾಲಿಸಿದವರ ಪುಡಿ ನಕಲಿಯಲ್ಲ, ಕಲಬೆರಕೆಯೂ ಅಲ್ಲ. ನಕಲಿ ಎಂದು ಕರೆದದ್ದೇ ಸುಳ್ಳು.

ಅಮುಲ್ ಇದೇ ದಾರಿಯಲ್ಲಿ ಹೋಗಿ ಎಡವಿತ್ತು. ಅದರ ಜಾಹೀರಾತಿನಲ್ಲಿ ಒಂದು ಐಸ್‌ಕ್ರೀಂ ಕಪ್ಪಿಗೆ ಹಾಲು ಸುರಿಯುತ್ತಿತ್ತು, ಇನ್ನೊಂದು ಕಪ್ಪಿಗೆ ವನಸ್ಪತಿ, ಅಂದರೆ ಡಾಲ್ಡಾದಂಥ ಗಟ್ಟಿ ಕೊಬ್ಬು. ಎರಡನೆಯದು ಫ್ರೋಜನ್ ಡೆಸರ್ಟ್ ಎಂಬ ವರ್ಗಕ್ಕೆ ಸೇರಿದ ಸರಕು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಹಾಕಿ ಮಾಡುವ ತಿನಿಸಿಗೆ ಕಾನೂನು ಕೊಟ್ಟಿರುವ ಹೆಸರು ಅದು. ಯಾವ ಕಂಪನಿಯನ್ನೂ ಅಮುಲ್ ಹೆಸರಿಸಲಿಲ್ಲ. ಆದರೂ ಆಗ ಕ್ವಾಲಿಟಿ ವಾಲ್ಸ್ ಮಾರುತ್ತಿದ್ದ ಹಿಂದುಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಯಿತು. ನಾವು ಬಳಸುವುದು ಸಸ್ಯಜನ್ಯ ಎಣ್ಣೆ, ವನಸ್ಪತಿ ಅಲ್ಲ ಎಂಬುದು ಅದರ ವಾದ. 2017ರಲ್ಲಿ ತಡೆ ಸಿಕ್ಕಿತು, ಮುಂದಿನ ವರ್ಷ ಮೇಲ್ಮನವಿಯಲ್ಲೂ ಅದೇ ನಿಂತಿತು. ಒಂದು ವರ್ಗವನ್ನೇ ಹಳಿದರೆ ಆ ವರ್ಗದೊಳಗಿರುವ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. ಅಂದರೆ "ಎಲ್ಲರೂ" ಎಂದು ಬೈದಾಗ ಶತ್ರುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ರಕ್ಷಣೆ ಹೆಚ್ಚುವುದಿಲ್ಲ.

ಅಮುಲ್‌ಗೆ ಹೇಳಿಕೊಳ್ಳಲು ನಿಜವಾದ ವ್ಯತ್ಯಾಸವೇ ಇತ್ತು ಎಂಬುದನ್ನೂ ಗಮನಿಸಬೇಕು. ತನ್ನದು ಹಾಲಿನ ಕೊಬ್ಬಿನದು ಎಂಬುದಷ್ಟನ್ನೇ ಹೇಳಿದ್ದರೆ ಯಾರಿಗೂ ತಕರಾರು ಎತ್ತಲು ಜಾಗವಿರುತ್ತಿರಲಿಲ್ಲ. ಇನ್ನೊಂದು ಕಪ್ಪಿನಲ್ಲಿ ಏನಿದೆ ಎಂದು ತೋರಿಸಲು ಹೋದದ್ದೇ ಮುಳುವಾಯಿತು.

ತಿನ್ನುವ ಕುಡಿಯುವ ಸರಕಿಗೆ ಇನ್ನೊಂದು ಕಟ್ಟು ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2018ರಲ್ಲಿ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ಹೊರಡಿಸಿದ ನಿಯಮಗಳಲ್ಲಿ, ತನ್ನ ಮಾರಾಟಕ್ಕಾಗಿ ಬೇರೆ ತಯಾರಕರ ಸರಕನ್ನು ಕೀಳುಗಳೆಯುವ ಹೇಳಿಕೆ ಕೊಡಬಾರದು ಎಂದು ನೇರವಾಗಿಯೇ ಇದೆ. ಮನೆಯಲ್ಲೇ ಪುಡಿ ಮಾಡಿ ಮಾರುವವರಿಗೂ ಇದು ಅನ್ವಯ. ಸಣ್ಣ ವ್ಯಾಪಾರ ಎಂಬ ವಿನಾಯಿತಿ ಇಲ್ಲ.

ಯಾವುದಕ್ಕಿಂತ? ಯಾರು ಅಳೆದರು?

ಈಗ ಎರಡನೆಯ ಗುಂಪಿನ ತಪ್ಪುಗಳು, ತೋರಿಸಲಾಗದ ಮಾತುಗಳು. ಇಲ್ಲಿ ಹೊಗಳಿಕೆಗೂ ಹೇಳಿಕೆಗೂ ಇರುವ ವ್ಯತ್ಯಾಸ ಮೊದಲು ಸ್ಪಷ್ಟವಾಗಬೇಕು. "ಬೆಳಗಿನ ಚಳಿಗೆ ಹೇಳಿ ಮಾಡಿಸಿದ ಕಾಫಿ" ಎಂಬುದು ಹೊಗಳಿಕೆ. ಅದನ್ನು ಯಾರೂ ಅಳೆದು ನೋಡುವುದಿಲ್ಲ, ನಂಬಿ ಮೋಸ ಹೋಗುವುದೂ ಇಲ್ಲ. "ಎರಡು ಪಟ್ಟು ಸ್ಟ್ರಾಂಗ್" ಎಂಬುದು ಹೇಳಿಕೆ. ಅದರಲ್ಲಿ ಅಳತೆ ಇದೆ. ಅಳತೆ ಇದ್ದ ಮೇಲೆ ಅಳೆದವರೂ ಇರಬೇಕು, ಅಳೆದ ಕಾಗದವೂ ಇರಬೇಕು.

ಸ್ಟ್ರಾಂಗ್ ಎಂದರೇನು ಎಂದು ಕೇಳಿದರೆ ಈ ಸಾಲು ಅಲ್ಲೇ ಕುಸಿಯುತ್ತದೆ. ಕೆಫೀನ್ ಹೆಚ್ಚೆಂದೇ? ಹಾಗಿದ್ದರೆ ಅದು ಮುಖ್ಯವಾಗಿ ಬೀಜದ ಜಾತಿಯ ಮೇಲೆ ನಿಂತಿದೆ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ನಮ್ಮ ವ್ಯಾಪಾರಿಯದು ಅಪ್ಪಟ ಅರೇಬಿಕಾ ಆಗಿದ್ದರೆ, ಶೇ. 80 ರೊಬಸ್ಟಾ ಮತ್ತು ಶೇ. 20 ಚಿಕೋರಿಯ ಬೆರಕೆ ಪುಡಿಯಲ್ಲೇ ಕೆಫೀನ್ ಹೆಚ್ಚಿರಬಹುದು. ಡಿಕಾಕ್ಷನ್ನಿನ ಬಣ್ಣ, ದಪ್ಪ ಎಂದಾದರೆ ಚಿಕೋರಿ ಹಾಕಿದ್ದೇ ಗೆಲ್ಲುತ್ತದೆ. ಕಹಿ ಎಂದಾದರೆ ಅದು ಹುರಿದ ಹದಕ್ಕೆ ಸೇರಿದ್ದು, ಕಪ್ಪಾಗುವವರೆಗೆ ಹುರಿದರೆ ಯಾವ ಬೀಜವೂ ಕಹಿಯೇ. ಒಂದೇ ಮಾತಿಗೆ ಮೂರು ಅರ್ಥ, ಮೂರರಲ್ಲೂ ಸೋಲುವ ಸಾಧ್ಯತೆ. ಇಂಥ ಹೇಳಿಕೆಯನ್ನು ತಿದ್ದುವುದಕ್ಕಿಂತ ಹೊಡೆದು ಹಾಕುವುದೇ ಮೇಲು.

"ಕರ್ನಾಟಕದ ನಂಬರ್ ಒನ್ ಪರಿಮಳ" ಕೂಡ ಅದೇ ಜಾಡಿನದು. ಬರೀ "ಘಮಘಮಿಸುವ ಪರಿಮಳ" ಎಂದಿದ್ದರೆ ಹೊಗಳಿಕೆಯಾಗಿ ಉಳಿಯುತ್ತಿತ್ತು. ನಂಬರ್ ಎಂದಾಗ ಪಟ್ಟಿ ಎಲ್ಲಿ, ಎಷ್ಟು ಪುಡಿಗಳನ್ನು ಮೂಸಿ ನೋಡಿದರು, ಯಾರು, ಯಾವಾಗ ಎಂಬ ಪ್ರಶ್ನೆ ಬರುತ್ತದೆ. ಸ್ವಂತ ಗಿರಾಕಿಗಳು ಕಳಿಸಿದ ಹೊಗಳಿಕೆಯ ಮೆಸೇಜುಗಳು ಇದಕ್ಕೆ ಪುರಾವೆಯಾಗುವುದಿಲ್ಲ. ಅವರು ಬೇರೆ ಪುಡಿಗಳ ಜೊತೆ ಪಕ್ಕಪಕ್ಕ ಇಟ್ಟು ಕುಡಿದವರಲ್ಲ.

"ನೂರಕ್ಕೆ ನೂರು ಶುದ್ಧ, ಫ್ರೆಶ್" ಎಂಬುದು ನೋಡಲು ಸಾಧುವಾಗಿದೆ. ಇದರಲ್ಲೇ ಹೆಚ್ಚು ಜನ ಸಿಕ್ಕಿಕೊಳ್ಳುವುದು. ಆಹಾರದ ಲೇಬಲ್ ಮತ್ತು ಜಾಹೀರಾತುಗಳಲ್ಲಿ ಶೇ. 100 ಎಂಬ ಮಾತು ಬೇಡ ಎಂದು ಎಫ್‌ಎಸ್‌ಎಸ್‌ಎಐ 2025ರ ಮೇ ತಿಂಗಳಲ್ಲಿ ಸಲಹೆ ಹೊರಡಿಸಿದೆ. ನಿಯಮಗಳಲ್ಲಿ ಅದಕ್ಕೆ ವ್ಯಾಖ್ಯೆಯಿಲ್ಲ, ಅಲ್ಲದೆ ಆ ಮಾತು ಉಳಿದವರದು ಕಮ್ಮಿ ಎಂಬ ತಪ್ಪು ಕಲ್ಪನೆ ಹುಟ್ಟಿಸುತ್ತದೆ ಎಂಬುದು ಕಾರಣ. ಶುದ್ಧ ಎನ್ನಲು ಒಂದೇ ಪದಾರ್ಥವಿರಬೇಕು, ಏನೂ ಸೇರಿಸಿರಬಾರದು ಎಂಬಂಥ ಷರತ್ತುಗಳಿವೆ. ಫ್ರೆಶ್ ಎಂಬುದಂತೂ ತೊಳೆಯುವುದು, ಸಿಪ್ಪೆ ತೆಗೆಯುವುದು, ಕತ್ತರಿಸುವುದು, ತಂಪಾಗಿಡುವುದು ಇಂಥ ಸಣ್ಣ ಸಂಸ್ಕರಣೆ ಮಾತ್ರ ಕಂಡ ಆಹಾರಕ್ಕೆ ಮೀಸಲು. ಕಾಫಿಬೀಜ ಹಣ್ಣಿನಿಂದ ಬೇರ್ಪಟ್ಟು, ಒಣಗಿ, ಸಿಪ್ಪೆ ಕಳಚಿ, ಇನ್ನೂರು ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಹುರಿದು, ಅರೆದು ಬಂದದ್ದು. ಅದಕ್ಕೆ ಫ್ರೆಶ್ ಎನ್ನುವುದು ಜನರ ಬಾಯಲ್ಲಿ ಸರಿ, ಪ್ಯಾಕೆಟ್ಟಿನ ಮೇಲೆ ತೊಡಕು. ವ್ಯಾಪಾರಿ ಹೇಳಬೇಕೆಂದಿದ್ದು ಇತ್ತೀಚೆಗೆ ಹುರಿದದ್ದು ಎಂದು ತಾನೇ? ಹಾಗಿದ್ದರೆ ಹುರಿದ ತಾರೀಕು ಹಾಕಿದರಾಯಿತು. ತಾರೀಕಿಗೆ ಯಾವ ಷರತ್ತೂ ಇಲ್ಲ, ಹೇಳುವ ಕೆಲಸವನ್ನೂ ಅದೇ ಹೆಚ್ಚು ಚೆನ್ನಾಗಿ ಮಾಡುತ್ತದೆ.

ಕೊನೆಗೆ ಬೆಲೆ. "ಬೆಲೆಯೂ ಕಡಿಮೆ" ಎಂದರೆ ಯಾವುದಕ್ಕಿಂತ ಎಂಬ ಉತ್ತರವೇ ಇಲ್ಲ. ಉತ್ತರ ಕೊಡಲು ಹೋದರೂ ಕಷ್ಟವಿದೆ. ಬೆರಕೆ ಇಲ್ಲದ ಪುಡಿಯನ್ನು ಬೆರಕೆ ಪುಡಿಯ ಜೊತೆ ಕಿಲೋ ಲೆಕ್ಕದಲ್ಲಿ ಹೋಲಿಸಿದರೆ ನಮ್ಮದೇ ದುಬಾರಿಯಾಗಬಹುದು, ಚಿಕೋರಿ ಕಾಫಿಗಿಂತ ಅಗ್ಗ. ಕಪ್ಪಿನ ಲೆಕ್ಕದಲ್ಲಿ ಹೋಲಿಸೋಣವೆಂದರೆ ಬೆರಕೆ ಪುಡಿ ಕಡಿಮೆ ಹಾಕಿದರೂ ಡಿಕಾಕ್ಷನ್ ಗಟ್ಟಿಯಾಗಿ ಬರುತ್ತದೆ. ಎರಡಕ್ಕೂ 10 ಗ್ರಾಂ ಎಂದು ಹಿಡಿದರೆ ಅವರಿಗೆ ಅನ್ಯಾಯ. ಜಾಹೀರಾತುಗಳ ಸ್ವಯಂನಿಯಂತ್ರಣಕ್ಕೆಂದು 1985ರಲ್ಲಿ ಹುಟ್ಟಿದ ಆಸ್ಕಿ ಎಂಬ ಮಂಡಳಿಯ ಸಂಹಿತೆ ಹೋಲಿಕೆಯ ಬಗ್ಗೆ ಹೇಳುವುದರಲ್ಲಿ ಇದೂ ಒಂದು: ತನಗೆ ಕೃತಕ ಲಾಭ ಬರುವಂತೆ ಹೋಲಿಕೆಯ ವಿಷಯವನ್ನು ಆರಿಸಿಕೊಳ್ಳಬಾರದು. ಯಾವ ಅಂಶವನ್ನು ಹೋಲಿಸುತ್ತಿದ್ದೇವೆ ಎಂಬುದು ಸ್ಪಷ್ಟವಿರಬೇಕು, ಅದು ನಿಜವಾಗಿರಬೇಕು, ಪುರಾವೆ ಕೊಡುವಂತಿರಬೇಕು ಎಂಬುದೂ ಅದರಲ್ಲಿದೆ.

ಹಾಗಾಗಿ ಬೆಲೆಯಲ್ಲಿ ಹೋಲಿಕೆಯನ್ನೇ ಬಿಟ್ಟು, ನಮ್ಮ ಲೆಕ್ಕವನ್ನು ಬಿಡಿಸಿ ಇಡಬಹುದು. 250 ಗ್ರಾಂ ಪ್ಯಾಕೆಟ್ಟಿಗೆ 220 ರೂಪಾಯಿ, ಕಪ್ಪಿಗೆ 10 ಗ್ರಾಂ ಪುಡಿ ಎಂದರೆ 25 ಕಪ್ಪು, ಕಪ್ಪಿಗೆ 8 ರೂಪಾಯಿ 80 ಪೈಸೆ, ಹಾಲು ಸಕ್ಕರೆ ಬಿಟ್ಟು. ಓದುವವರು ತಮ್ಮ ಮನೆಯ ಪುಡಿಯ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ. ಹೋಟೆಲಿನ ಕಪ್ಪಿನ ಬೆಲೆ ಅವರಿಗೆ ಹೇಗೂ ಗೊತ್ತಿದೆ.

ಹೋಲಿಸುವ ಕೆಲಸ ಓದುಗರಿಗೆ

ಈ ಕೊನೆಯ ಉಪಾಯವೇ ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವುದು. ಎದುರಾಳಿಯ ಬಗ್ಗೆ ಒಂದು ಮಾತೂ ಆಡದೆ, ನಮ್ಮ ಬಗ್ಗೆ ಒಂದು ಖಚಿತ ಸಂಗತಿ ಹೇಳಿ, ಅದೇ ಸಂಗತಿಯನ್ನು ತಮ್ಮ ಕೈಯಲ್ಲಿರುವ ಪ್ಯಾಕೆಟ್ಟಿನಲ್ಲಿ ಹುಡುಕುವಂತೆ ಓದುಗರಿಗೆ ಹೇಳುವುದು. "ನಿಮ್ಮ ಪ್ಯಾಕೆಟ್ ತಿರುಗಿಸಿ, ಕಾಫಿ ಎಷ್ಟು ಶೇಕಡಾ, ಚಿಕೋರಿ ಎಷ್ಟು ಎಂದು ಬರೆದಿರುತ್ತದೆ, ನೋಡಿ." ಇದರಲ್ಲಿ ಸುಳ್ಳಿಲ್ಲ, ನಿಂದನೆಯಿಲ್ಲ, ಯಾರ ಗುರುತೂ ಇಲ್ಲ. ಅಲ್ಲಿ ಬರೆದಿರುವ ಅಂಕಿ ಎದುರಾಳಿಯೇ ಅಚ್ಚು ಹಾಕಿಸಿದ್ದು, ಅದನ್ನು ಅವರು ಅಲ್ಲಗಳೆಯುವಂತಿಲ್ಲ. ಅಡುಗೆಮನೆಗೆ ಎದ್ದು ಹೋಗಿ ಡಬ್ಬಿ ತಿರುಗಿಸಿ ನೋಡಿದವರಿಗೆ ಆ ಅಂಕಿ ನಮ್ಮ ಯಾವ ಘೋಷಣೆಗಿಂತಲೂ ಹೆಚ್ಚು ನೆನಪಿರುತ್ತದೆ.

ಇದಕ್ಕೆ ಮಿತಿಯೂ ಇದೆ. ಓದುಗರು ತಾವೇ ನೋಡಿ ತಿಳಿಯಬಹುದಾದ ಅಂಶಕ್ಕೆ ಮಾತ್ರ ಇದು ನಡೆಯುತ್ತದೆ: ಪದಾರ್ಥಗಳ ಪಟ್ಟಿ, ಪ್ರಮಾಣ, ತಯಾರಿಸಿದ ತಾರೀಕು, ತೂಕ, ಬೆಲೆ. ಬೀಜವನ್ನು ಎಷ್ಟು ಜಾಗ್ರತೆಯಿಂದ ಆರಿಸಿದ್ದೇವೆ, ತೋಟದಲ್ಲಿ ಯಾವ ಔಷಧ ಹೊಡೆದಿಲ್ಲ ಎಂಬಂಥ ಒಳಗಿನ ಸಂಗತಿಗಳಿಗೆ ಇದು ಬರುವುದಿಲ್ಲ. ಅವುಗಳಿಗೆ ಪ್ರಮಾಣಪತ್ರವೋ ಪ್ರಯೋಗಾಲಯದ ವರದಿಯೋ ಬೇಕು. ಇನ್ನೊಂದು ಎಚ್ಚರ: ಹೀಗೆ ನೋಡಿ ಎಂದ ಮೇಲೆ ಅದರ ಹಿಂದೆಯೇ "ಬೆಚ್ಚಿಬೀಳ್ತೀರಿ" ಎಂದು ಸೇರಿಸಬಾರದು. ಚಿಕೋರಿ ಏನೋ ಭಯಂಕರ ವಸ್ತು ಎಂಬ ಅರ್ಥ ಬಂದು ಮತ್ತೆ ಅಮುಲ್ ಜಾಹೀರಾತಿನ ಜಾಗಕ್ಕೇ ಬಂದು ನಿಲ್ಲುತ್ತೇವೆ. ಚಿಕೋರಿಯನ್ನು ಗೌರವದಿಂದಲೇ ನಡೆಸಿಕೊಂಡರೆ ಇನ್ನೂ ಒಂದು ಲಾಭ: ಬೆರಕೆ ಇಷ್ಟಪಡುವ ಗಿರಾಕಿಯೂ ದೂರ ಹೋಗುವುದಿಲ್ಲ.

ಹೋಲಿಕೆಯನ್ನು ಮಾತಿನಲ್ಲೇ ಹೇಳಬೇಕೆನಿಸಿದರೆ "ಎಲ್ಲ" ಎಂಬುದರಿಂದ ದೂರವಿರಬೇಕು. ಮಾರುಕಟ್ಟೆಯ ಎಲ್ಲ ಪುಡಿಯಲ್ಲೂ ಚಿಕೋರಿ ಇದೆ ಎಂದರೆ, ಚಿಕೋರಿ ಇಲ್ಲದ ಒಂದೇ ಒಂದು ಪ್ಯಾಕೆಟ್ ತಂದು ತೋರಿಸಿದರೂ ನಾವು ಸುಳ್ಳುಗಾರರು. "ಅಂಗಡಿಯಲ್ಲಿ ಸಿಗುವ ಹಲವು ಫಿಲ್ಟರ್ ಕಾಫಿಪುಡಿಗಳು ಚಿಕೋರಿ ಬೆರೆತವು" ಎಂಬುದು ನಿಲ್ಲುತ್ತದೆ, ಅದನ್ನು ತೋರಿಸುವುದೂ ಸುಲಭ. ಹತ್ತಿರದ ಅಂಗಡಿಗಳಿಂದ ಕೆಲವು ಪ್ಯಾಕೆಟ್ ಕೊಂಡು, ಬಿಲ್ ಇಟ್ಟುಕೊಂಡು, ಪದಾರ್ಥಗಳ ಪಟ್ಟಿ ಕಾಣುವಂತೆ ಫೋಟೊ ತೆಗೆದು, ತಾರೀಕು ಬರೆದು ಒಂದು ಫೈಲಿನಲ್ಲಿ ಹಾಕಿದರೆ ಪುರಾವೆ ಸಿದ್ಧ. ಕ್ಯಾಪ್ಷನ್ ಹಾಕುವ ಮುಂಚೆ ಈ ಫೈಲ್ ಇರಬೇಕು. ನೋಟಿಸ್ ಬಂದ ಮೇಲೆ ಹುಡುಕುವ ಪುರಾವೆ ಅಷ್ಟರಲ್ಲಿ ಬದಲಾಗಿರಬಹುದು, ಯಾಕೆಂದರೆ ಕಂಪನಿಗಳು ಮಿಶ್ರಣದ ಪ್ರಮಾಣವನ್ನು ಬದಲಿಸಬಹುದು.

ಹುರಿದ ತಾರೀಕಿನ ವಿಷಯದಲ್ಲಿ ಪುರಾವೆ ನಮ್ಮ ಮನೆಯೊಳಗೇ ಹುಟ್ಟಬೇಕು. "ಹುರಿದು ಮೂರು ದಿನದೊಳಗೆ ಕೊರಿಯರ್‌ಗೆ ಕೊಡುತ್ತೇವೆ" ಎಂದು ಬರೆದರೆ, ಪ್ರತಿ ಬ್ಯಾಚಿಗೂ ಒಂದು ಸಂಖ್ಯೆ, ಹುರಿದ ತಾರೀಕು ಬರೆದ ಪುಸ್ತಕ, ಅದಕ್ಕೆ ಹೊಂದುವ ಕೊರಿಯರ್ ರಸೀದಿ ಇರಬೇಕು. ಈ ಸಾಲು ಬರೆದ ದಿನ ನಿಜವಾಗಿರುತ್ತದೆ, ತೊಂದರೆ ಶುರುವಾಗುವುದು ದೀಪಾವಳಿಗೆ. ಆರ್ಡರ್ ಹೆಚ್ಚಾಗಿ, ಮುಂಚೆಯೇ ಹುರಿದಿಟ್ಟು, ವಾರದ ನಂತರ ಕಳಿಸುವ ಪರಿಸ್ಥಿತಿ ಬರುತ್ತದೆ. ಕ್ಯಾಪ್ಷನ್ ಮಾತ್ರ ಪುಟದ ಮೇಲ್ಭಾಗದಲ್ಲಿ ಪಿನ್ ಆಗಿ ಹಾಗೇ ಕೂತಿರುತ್ತದೆ. ಪಾಲಿಸಲು ಕಷ್ಟವಿದೆ ಎನಿಸಿದರೆ ದಿನಗಳ ಭರವಸೆ ಕೊಡುವುದೇ ಬೇಡ. "ಹುರಿದ ತಾರೀಕು ಪ್ಯಾಕೆಟ್ ಮೇಲಿದೆ" ಎಂದಷ್ಟೇ ಬರೆದರೆ ಅದು ಯಾವ ಹಬ್ಬದಲ್ಲೂ ಸುಳ್ಳಾಗುವುದಿಲ್ಲ.

ತಿದ್ದಿದ ಕ್ಯಾಪ್ಷನ್

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಹೀಗಿರಬಹುದು:

"ನಮ್ಮ ಪುಡಿಯಲ್ಲಿರೋದು ಕಾಫಿ ಒಂದೇ. ಚಿಕೋರಿ ಬೆರೆಸಿಲ್ಲ. ಹಲವು ಫಿಲ್ಟರ್ ಕಾಫಿಪುಡಿಗಳಲ್ಲಿ ಚಿಕೋರಿ ಇರುತ್ತೆ, ಕೆಲವರಿಗೆ ಆ ದಪ್ಪ ಡಿಕಾಕ್ಷನ್ನೇ ಇಷ್ಟ. ನಿಮ್ಮ ಪುಡೀಲಿ ಎಷ್ಟಿದೆ ಅಂತ ಪ್ಯಾಕೆಟ್ ತಿರುಗಿಸಿ ನೋಡಿ, ಶೇಕಡಾ ಲೆಕ್ಕ ಬರೆದಿರುತ್ತೆ. ನಮ್ಮದು ಚಿಕ್ಕಮಗಳೂರಿನ ಅರೇಬಿಕಾ, ಒಂದೇ ತೋಟದ್ದು, ಹದವಾಗಿ ಹುರಿದದ್ದು. ಹುರಿದ ತಾರೀಕು ಪ್ಯಾಕೆಟ್ ಮೇಲಿದೆ. 250 ಗ್ರಾಂಗೆ 220 ರೂಪಾಯಿ. ಕಪ್ಪಿಗೆ 10 ಗ್ರಾಂ ಹಾಕಿದರೆ 25 ಕಪ್ಪು."

ಮೊದಲನೆಯದರ ಆರ್ಭಟ ಇದರಲ್ಲಿಲ್ಲ, ನಿಜ. ಆದರೆ ಮೊದಲನೆಯದನ್ನು ಓದಿದವರಿಗೆ ಪುಡಿಯ ಬಗ್ಗೆ ಏನು ತಿಳಿಯುತ್ತಿತ್ತು? ಇಲ್ಲಿ ಬೀಜದ ಜಾತಿ, ಊರು, ಹದ, ತಾರೀಕು, ಕಪ್ಪಿನ ಲೆಕ್ಕ ಎಲ್ಲ ಇದೆ. "ಒಂದೇ ತೋಟದ್ದು" ಎಂಬುದೂ ಹೇಳಿಕೆಯೇ ಎಂಬುದನ್ನು ಮರೆಯಬಾರದು. ಬೇಡಿಕೆ ಹೆಚ್ಚಿ ಪಕ್ಕದ ತೋಟದ ಬೀಜ ಕೊಂಡು ಸೇರಿಸಿದ ದಿನ ಆ ಎರಡು ಪದ ತೆಗೆಯಬೇಕು. ಚಿಕ್ಕಮಗಳೂರು ಅರೇಬಿಕಾ ಎಂಬುದಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಆ ಗುರುತನ್ನು ಪ್ಯಾಕೆಟ್ಟಿನ ಮೇಲೆ ಬಳಸಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು.

ಮಾತು ಸರಿಯಾದ ಮೇಲೂ ಕೆಡಿಸುವುದು ಸುತ್ತಲಿನ ವಸ್ತುಗಳು. ಫೋಟೊದಲ್ಲಿ ನಮ್ಮ ಪ್ಯಾಕೆಟ್ ಹಿಂದೆ ಇನ್ನೊಂದನ್ನು ಮಸುಕಾಗಿಸಿ ಇಟ್ಟರೆ ಅದು ರಾಬಿನ್ ಬ್ಲೂ ಬಾಟಲಿಯ ಕಥೆಯೇ. ಹುಡುಕುವವರಿಗೆ ಸಿಗಲಿ ಎಂದು ಎದುರಾಳಿಯ ಬ್ರ್ಯಾಂಡನ್ನು ಹ್ಯಾಶ್‌ಟ್ಯಾಗ್ ಮಾಡಿದರೆ ಹೆಸರು ಹೇಳಿದಂತಾಯಿತು, ಅವರ ಟ್ರೇಡ್‌ಮಾರ್ಕ್ ಬಳಸಿದ ಹೊಸ ತಕರಾರೂ ಸೇರಿತು. ಷರತ್ತುಗಳನ್ನು ಕೊನೆಯಲ್ಲಿ ಅಡಗಿಸುವುದೂ ನಡೆಯುವುದಿಲ್ಲ. ಕ್ಯಾಪ್ಷನ್ನಿನ ಮೊದಲ ಒಂದೆರಡು ಸಾಲು ಮಾತ್ರ ಒಮ್ಮೆಗೇ ಕಾಣುತ್ತದೆ, ಉಳಿದದ್ದು ಒತ್ತಿ ತೆರೆದರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯ ಪ್ರಕಾರ ಷರತ್ತಿನ ಟಿಪ್ಪಣಿ ಹೇಳಿಕೆ ಇರುವ ಭಾಷೆಯಲ್ಲೇ, ಅದೇ ಅಕ್ಷರದಲ್ಲಿ, ಎದ್ದು ಕಾಣುವಂತಿರಬೇಕು. ದೊಡ್ಡ ಕನ್ನಡ ಅಕ್ಷರದಲ್ಲಿ ಹೇಳಿಕೆ, ಕೆಳಗೆ ನಕ್ಷತ್ರ ಹಾಕಿ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಷರತ್ತು ಎಂಬ ನಮ್ಮ ಹಳೆಯ ಅಭ್ಯಾಸ ಇದಕ್ಕೆ ನೇರ ವಿರುದ್ಧ. ದಾರಿ ತಪ್ಪಿಸುವ ಜಾಹೀರಾತಿಗೆ ಈ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಅದನ್ನೇ ಮಾಡಿದರೆ 50 ಲಕ್ಷದವರೆಗೆ. ಸಣ್ಣ ವ್ಯಾಪಾರಿಗೆ ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ. ಎದುರಾಳಿಯ ವಕೀಲರ ನೋಟಿಸೋ ಆಸ್ಕಿಗೆ ಹೋದ ದೂರೋ ಮೊದಲು ಬರುತ್ತದೆ. ಪೋಸ್ಟ್ ತೆಗೆದು, ಅಚ್ಚಾಗಿರುವ ಪ್ಯಾಕೆಟ್ ಪಕ್ಕಕ್ಕಿಟ್ಟು, ವಕೀಲರಿಗೆ ಫೀಸು ಕೊಡುವಷ್ಟರಲ್ಲಿ ಆ ತಿಂಗಳ ಲಾಭ ಮುಗಿದಿರುತ್ತದೆ.

ಎಲ್ಲಕ್ಕಿಂತ ಜಾರುವ ಜಾಗ ಕಾಮೆಂಟುಗಳು. ಕ್ಯಾಪ್ಷನ್ ಅಚ್ಚುಕಟ್ಟಾಗಿರುತ್ತದೆ, ಕೆಳಗೆ ಯಾರೋ ಒಬ್ಬರು ಒಂದು ಬ್ರ್ಯಾಂಡಿನ ಹೆಸರು ಬರೆದು "ಇವರ ಬಗ್ಗೆನೇ ತಾನೇ?" ಎಂದು ಕೇಳುತ್ತಾರೆ. ವ್ಯಾಪಾರಿ ಖುಷಿಯಲ್ಲಿ ಒಂದು ನಗುವ ಮುಖ ಒತ್ತಿದರೂ ಸಾಕು, ಅಲ್ಲಿಯವರೆಗೆ ಕಾಪಾಡಿಕೊಂಡಿದ್ದೆಲ್ಲ ಹೋಯಿತು. ಉತ್ತರ ಕೊಡಲೇಬೇಕೆಂದರೆ ಇಷ್ಟು ಸಾಕು: "ಯಾರ ಬಗ್ಗೆಯೂ ಅಲ್ಲ ಸರ್. ನಮ್ಮ ಪುಡಿಯಲ್ಲಿ ಚಿಕೋರಿ ಇಲ್ಲ, ಅಷ್ಟೇ ಹೇಳಿದ್ದು. ನಿಮಗೆ ಬೆರಕೆ ಇಷ್ಟವಾದರೆ ಹೇಳಿ, ಚಿಕೋರಿ ಬೇರೆ ಪೊಟ್ಟಣದಲ್ಲಿ ಕಳಿಸ್ತೀವಿ."